ಹದಿನಾರೂವರೆ ಗಂಟೆ ರೆಸ್ಟ್ ಸಿಕ್ಕಿತ್ತು, ನಿದ್ದೆ ಮಾತ್ರ ಮೂರು ಗಂಟೆ

ನಮ್ಮಪ್ಪ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನೌಕರ. ಕಬ್ಬು ಅರೆಯುವ ಸೀಸನ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದರೆ ಕಿಟಕಿಗೆ ಗೋಣಿಚೀಲ ಕಟ್ಟಿಕೊಂಡು ಮಲಗುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಎದ್ದು ಕೂತಿರುತ್ತಿದ್ದರು. 'ಇನ್ನೂ ಮಲಗಬಾರದಾ?' ಅಂತ ಅಮ್ಮ ಕೇಳಿದರೆ 'ಹಗಲು ನಿದ್ದೆ ನಿದ್ದೆಯಲ್ಲ ಕಣೆ, ಬರೀ ಮಂಪರು' ಅನ್ನುತ್ತಿದ್ದರು. ನಾನು ಪೈಲಟ್ ಆಗಿ, ಕೋ-ಪೈಲಟ್ ಸೀಟಲ್ಲಿ ಕೂತು ಮೂರು ವರ್ಷವಾದ ಮೇಲೆ ಈ ಮಾತು ಅರ್ಥವಾಯಿತು. ಅದೂ ಒಂದು ತಪ್ಪು ಮಾಡಿದ ಮೇಲೆ.

ಅವತ್ತಿನ ರೋಸ್ಟರ್ ಹೀಗಿತ್ತು. ಸೋಮವಾರ ರಾತ್ರಿ 22:30ಕ್ಕೆ ಬೆಂಗಳೂರಲ್ಲಿ ರಿಪೋರ್ಟಿಂಗ್. 23:30ಕ್ಕೆ ದೆಹಲಿಗೆ ಹೊರಟು 02:15ಕ್ಕೆ ತಲುಪಬೇಕು. ಅಲ್ಲಿಂದ 03:00ಕ್ಕೆ ಹೊರಟು 05:45ಕ್ಕೆ ವಾಪಸ್ ಬೆಂಗಳೂರು. ಮಂಗಳವಾರ ರಾತ್ರಿ 22:30ಕ್ಕೆ ಮತ್ತೆ ಅದೇ ದೆಹಲಿ, ಅದೇ ವಾಪಸ್. ಲೆಕ್ಕ ಹಾಕಿ ನೋಡಿ. ರಿಪೋರ್ಟಿಂಗ್‌ನಿಂದ ಕೊನೆಯ ಚಾಕ್ಸ್ ಆನ್‌ವರೆಗೆ, ಅಂದರೆ ವಿಮಾನ ನಿಂತು ಚಕ್ರಕ್ಕೆ ಅಡ್ಡಗಟ್ಟೆ ಇಡುವವರೆಗೆ, ಏಳೂಕಾಲು ಗಂಟೆ. ನಾವು ಇದನ್ನು ಎಫ್‌ಡಿಪಿ ಅನ್ನುತ್ತೇವೆ. ಆಮೇಲಿನ 15 ನಿಮಿಷ ಸೇರಿಸಿದರೆ ಡ್ಯೂಟಿ 06:00ಕ್ಕೆ ಮುಗಿಯಿತು. ಮುಂದಿನ ಡ್ಯೂಟಿಗೆ ಮುಂಚೆ ಕನಿಷ್ಠ 12 ಗಂಟೆ ರೆಸ್ಟ್ ಕೊಡಬೇಕು. ಹಿಂದಿನ ಡ್ಯೂಟಿ ಅದಕ್ಕಿಂತ ಉದ್ದವಾಗಿದ್ದರೆ ಅಷ್ಟು ಗಂಟೆ ಕೊಡಬೇಕು. ನನಗೆ ಸಿಕ್ಕಿದ್ದು ಹದಿನಾರೂವರೆ. ಕಾಗದದ ಮೇಲೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ಮಂಗಳವಾರ ತಂಗಿಯ ನಿಶ್ಚಿತಾರ್ಥ, ಮಂಡ್ಯದಲ್ಲೇ. ಹದಿನಾರೂವರೆ ಗಂಟೆ ಇದೆಯಲ್ಲ, ಹೋಗಿ ಬಂದುಬಿಡೋಣ ಅಂದುಕೊಂಡೆ. ಕ್ಯಾಬ್ ಹಿಡಿದು ದೇವನಹಳ್ಳಿಯಿಂದ ಹೊರಟೆ. ಊರು ದಾಟಿ, ಮೈಸೂರು ಹೆದ್ದಾರಿ ಹಿಡಿದು ಮನೆ ಸೇರುವಾಗ ಒಂಬತ್ತು. ತಿಂಡಿ ತಿಂದು, ಎಲ್ಲರ ಕೈಲೂ 'ಏನಪ್ಪಾ ಕಣ್ಣು ಹಿಂಗೆ ಕೆಂಪಗಾಗಿದೆ' ಅನ್ನಿಸಿಕೊಂಡು, ಹತ್ತೂಕಾಲಿಗೆ ಒಳಕೋಣೆಯಲ್ಲಿ ಬಿದ್ದುಕೊಂಡೆ. ಹನ್ನೆರಡೂವರೆಗೆ ಎಚ್ಚರವಾಯಿತು. ಯಾರೂ ಎಬ್ಬಿಸಿರಲಿಲ್ಲ. ಮನೆಯೂ ಹೆಚ್ಚುಕಮ್ಮಿ ಖಾಲಿ, ಎಲ್ಲರೂ ಛತ್ರಕ್ಕೆ ಹೋಗಿದ್ದರು. ತಾನಾಗೇ ಎಚ್ಚರ. ನಾನೂ ಛತ್ರಕ್ಕೆ ಹೋಗಿ, ಶಾಸ್ತ್ರ ಮುಗಿದು ಊಟವಾದ ಮೇಲೆ, ನಾಲ್ಕೂವರೆಯಿಂದ ಆರರವರೆಗೆ ಮತ್ತೆ ಮಲಗಲು ನೋಡಿದೆ. ಕಣ್ಣು ಮುಚ್ಚಿತ್ತು ಅಷ್ಟೇ. ಆರೂವರೆಗೆ ಕ್ಯಾಬ್ ಹತ್ತಿದೆ. ದಾರಿಯಲ್ಲಿ ಅರ್ಧ ಗಂಟೆ ತೂಕಡಿಸಿದೆ.

ಹೋಗದೆ ರೂಮಲ್ಲೇ ಇದ್ದಿದ್ದರೂ ಎಂಟು ಗಂಟೆ ನಿದ್ದೆ ಬರುತ್ತಿರಲಿಲ್ಲ. ಐದು ಗಂಟೆ ಬರುತ್ತಿತ್ತೇನೋ.

ನಿದ್ದೆಯನ್ನು ಎರಡು ಸಂಗತಿ ಎಳೆದಾಡುತ್ತವೆ. ಒಂದು, ಎಚ್ಚರವಿದ್ದಷ್ಟೂ ಮೇಲೇರುವ ನಿದ್ದೆಯ ಒತ್ತಡ. ಇನ್ನೊಂದು, ಮೈಯೊಳಗಿನ ಗಡಿಯಾರ. ಸಾಮಾನ್ಯ ದಿನದಲ್ಲಿ ಎರಡೂ ಜೊತೆಯಾಗಿ ನಡೆಯುತ್ತವೆ. ರಾತ್ರಿ ಹತ್ತು ಹನ್ನೊಂದಕ್ಕೆ ಒತ್ತಡವೂ ಜಾಸ್ತಿ ಇರುತ್ತದೆ, ಗಡಿಯಾರವೂ ಮಲಗು ಅನ್ನುತ್ತದೆ. ರಾತ್ರಿ ಹಾರಿ ಬಂದವನಿಗೆ ಇವೆರಡೂ ಜಗಳಕ್ಕೆ ಬೀಳುತ್ತವೆ. ಬೆಳಗ್ಗೆ ಹತ್ತಕ್ಕೆ ಒತ್ತಡ ಹೆಚ್ಚಿರುವುದರಿಂದ ಬಿದ್ದ ಕೂಡಲೇ ನಿದ್ದೆ ಹತ್ತುತ್ತದೆ. ಆದರೆ ಆ ಹೊತ್ತಿಗೆ ಮೈಯ ಬಿಸಿ ಏರುತ್ತಿರುತ್ತದೆ, ಗಡಿಯಾರ ಏಳು ಏಳು ಅಂತ ತಟ್ಟುತ್ತಿರುತ್ತದೆ. ಒತ್ತಡ ಸ್ವಲ್ಪ ಇಳಿದ ಕೂಡಲೇ ಗಡಿಯಾರ ಗೆಲ್ಲುತ್ತದೆ, ಎಚ್ಚರವಾಗುತ್ತದೆ. ಸಂಜೆ ಆರರಿಂದ ಒಂಬತ್ತು ಇನ್ನೂ ಕಷ್ಟದ ಹೊತ್ತು. ಆಗ ಗಡಿಯಾರ ನಿಮ್ಮನ್ನು ಎಚ್ಚರವಾಗಿಡಲು ತನ್ನ ಪೂರ್ತಿ ಬಲ ಹಾಕಿರುತ್ತದೆ. ರಾತ್ರಿ ಡ್ಯೂಟಿಗೆ ಹೋಗುವ ಮುಂಚೆ ಒಂದು ನಿದ್ದೆ ತೆಗೆಯೋಣ ಅಂತ ನಾವು ಒದ್ದಾಡುವುದೂ ಅದೇ ಹೊತ್ತಲ್ಲಿ, ಅಲ್ವಾ?

ಹಾಗಾಗಿ 12 ಗಂಟೆ ರೆಸ್ಟ್ ಅಂದರೆ ಯಾವ 12 ಗಂಟೆ ಅಂತ ಕೇಳಬೇಕು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಒಂಬತ್ತರ 12 ಗಂಟೆಯಲ್ಲಿ ಏಳೆಂಟು ಗಂಟೆ ನಿದ್ದೆ ಸಲೀಸಾಗಿ ಸಿಗುತ್ತದೆ. ಬೆಳಗ್ಗೆ ಏಳರಿಂದ ಸಂಜೆ ಏಳರ 12 ಗಂಟೆಯಲ್ಲಿ ಅದರಲ್ಲಿ ಒಂದೆರಡು ಗಂಟೆ ಖೋತಾ. ನನ್ನ ಹಾಗೆ ನಿಶ್ಚಿತಾರ್ಥಕ್ಕೆ ಹೋದರೆ ಅದೂ ಇಲ್ಲ.

ಮಂಗಳವಾರ ರಾತ್ರಿಗೆ ಬರುತ್ತೇನೆ. ರಿಪೋರ್ಟಿಂಗ್‌ನಲ್ಲಿ ಎಂದಿನಂತೆ ಬ್ರೆತ್ ಅನಲೈಸರ್‌ಗೆ ಊದಿದೆ. ಸೊನ್ನೆ ಬಂತು. ನಮಗೆ ಸೊನ್ನೆಯೇ ಬರಬೇಕು, ಸ್ವಲ್ಪ ಹೆಚ್ಚುಕಮ್ಮಿಯಾದರೂ ಮನೆಗೆ ಕಳಿಸುತ್ತಾರೆ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಹೋಲಿಕೆ ಮಾಡಿದ್ದರು. 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರಷ್ಟೇ ಕೆಟ್ಟಿತ್ತು. ನಮ್ಮಲ್ಲಿ ರಸ್ತೆ ಮೇಲೆ ಕಾರು ಓಡಿಸಲು ಇರುವ ಮಿತಿಯೇ 0.03. ನಾನು ಸೋಮವಾರ ಬೆಳಗ್ಗೆ ಏಳೂವರೆಗೆ ಎದ್ದವನು. ಮೊದಲ ರಾತ್ರಿಯಲ್ಲೇ 00:30ಕ್ಕೆ, ಅಂದರೆ ದೆಹಲಿಗೆ ಹೋಗುವ ದಾರಿಯಲ್ಲೇ, ಆ 17 ಗಂಟೆ ದಾಟಿದ್ದೆ. ಅದನ್ನು ಹಿಡಿಯುವ ಯಂತ್ರ ಯಾರ ಹತ್ತಿರವೂ ಇಲ್ಲ. ಊದಿದರೆ ನಿದ್ದೆ ಕಾಣಿಸುವುದಿಲ್ಲ.

ಬುಧವಾರ ಬೆಳಗಿನ ಜಾವ 05:15. ಬೆಂಗಳೂರಿಗೆ ಇಳಿಯುತ್ತಿದ್ದೇವೆ. ಹಾರಿಸುತ್ತಿದ್ದವನು ನಾನು, ರೇಡಿಯೋ ಕ್ಯಾಪ್ಟನ್ ಕೈಯಲ್ಲಿ. ಕಂಟ್ರೋಲರ್ ಫ್ಲೈಟ್ ಲೆವೆಲ್ 130ಕ್ಕೆ, ಅಂದರೆ ಸುಮಾರು 13,000 ಅಡಿಗೆ, ಇಳಿಯಿರಿ ಅಂದರು. ಕ್ಯಾಪ್ಟನ್ ಅದನ್ನೇ ತಿರುಗಿ ಹೇಳಿದರು. ನಾನು ಎತ್ತರದ ಗುಂಡಿ ತಿರುಗಿಸಿದೆ, ಪರದೆಗೆ ಬೆರಳು ತೋರಿಸಿದೆ, 'ಒನ್ ತ್ರೀ ಝೀರೋ' ಅಂತ ಗಟ್ಟಿಯಾಗಿಯೂ ಹೇಳಿದೆ. ಪರದೆಯಲ್ಲಿ ಇದ್ದದ್ದು 120. ಕ್ಯಾಪ್ಟನ್ ಮಾತಾಡಲಿಲ್ಲ, ತಮ್ಮ ಬೆರಳನ್ನು ಆ ಅಂಕಿಯ ಮೇಲೆ ಇಟ್ಟರು. ನಾನು ನೋಡಿದೆ. ಎರಡು ಸೆಕೆಂಡು ನನಗೆ ತಪ್ಪೇ ಕಾಣಲಿಲ್ಲ. ಆಮೇಲೆ ಕಂಡಿತು, ಸರಿಮಾಡಿದೆ.

ನಾನು ತೂಕಡಿಸಿರಲಿಲ್ಲ ಅನ್ನುವುದನ್ನು ಗಮನಿಸಿ. ಕಣ್ಣು ಬಿಟ್ಟಿತ್ತು, ಬಾಯಿ ಸರಿಯಾಗಿ ಹೇಳಿತು. ದಣಿವು ಯಾವಾಗಲೂ ಆಕಳಿಸಿಕೊಂಡು ಬರುವುದಿಲ್ಲ. ಅಭ್ಯಾಸದ ಕೆಲಸ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ಅದನ್ನು ಒಳಗಿಂದ ನೋಡಿ ಪರೀಕ್ಷೆ ಮಾಡುವವನು ಮಾತ್ರ ಮಲಗಿರುತ್ತಾನೆ. ನೋಡಿದ ಅಂಕಿಯನ್ನೇ ಎರಡನೇ ಸಲ ನೋಡುವುದು, ಒಂದೇ ಕರೆಯನ್ನು 'ಏನಂದ್ರು?' ಅಂತ ಕೇಳುವುದು, ಇವೇ ಗುರುತು. ಅವತ್ತು ಅದಕ್ಕೆ ಮುಂಚೆ ನಾನು ಎರಡು ಸಲ ಹಾಗೆ ಕೇಳಿದ್ದೆ. ಕ್ಯಾಪ್ಟನ್ ಎಣಿಸಿದ್ದರಂತೆ.

ಆ ಹೊತ್ತೂ ಕಾಕತಾಳೀಯವಲ್ಲ. ಬೆಳಗಿನ ಜಾವ ಎರಡರಿಂದ ಆರರವರೆಗಿನ ಅವಧಿಗೆ ನಿಯಮದಲ್ಲೇ ಒಂದು ಹೆಸರಿದೆ, ಡಬ್ಲ್ಯುಒಸಿಎಲ್. ಮೈಯ ಬಿಸಿ, ಚುರುಕು ಎರಡೂ ತಳ ಮುಟ್ಟುವ ಹೊತ್ತು. ನಿದ್ದೆ ಚೆನ್ನಾಗಿ ಆಗಿದ್ದವನಿಗೂ ಅದು ತಗ್ಗೇ. ಮಂಗಳೂರಿನಲ್ಲಿ 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ಸತ್ತಿದ್ದು ಬೆಳಗ್ಗೆ ಆರು ದಾಟಿ ಕೆಲವೇ ನಿಮಿಷಕ್ಕೆ. ಕಾಕ್‌ಪಿಟ್ ರೆಕಾರ್ಡಿಂಗ್‌ನ ಎರಡು ಗಂಟೆ ಚಿಲ್ಲರೆಯಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ದೆಯಲ್ಲಿದ್ದರು ಅಂತ ತನಿಖೆ ಹೇಳಿತು. ಎದ್ದ ಕೂಡಲೇ ಮಿದುಳು ಪೂರ್ತಿ ಎದ್ದಿರುವುದಿಲ್ಲ. ವಿಮಾನ ತೀರಾ ಎತ್ತರದಲ್ಲಿತ್ತು, ಕೋ-ಪೈಲಟ್ ಗೋ ಅರೌಂಡ್ ಅಂತ ಕೂಗಿದರೂ ಲ್ಯಾಂಡಿಂಗ್ ನಿಲ್ಲಲಿಲ್ಲ.

ಈಗ ನಿಯಮದ ವಿಷಯ. ನನ್ನ ಈ ಕತೆ ನಡೆದಾಗ ಹಳೆಯ ಲೆಕ್ಕದಲ್ಲಿ 'ರಾತ್ರಿ' ಅಂದರೆ 00:00ರಿಂದ 05:00. ನಾನು 05:45ಕ್ಕೆ ಇಳಿದಿದ್ದು ಆ ಲೆಕ್ಕದಲ್ಲಿ ರಾತ್ರಿ ಲ್ಯಾಂಡಿಂಗೇ ಅಲ್ಲ! ಗಡಿಯಾರದ ತಗ್ಗು ಆರರವರೆಗೆ ಇದ್ದರೂ ನಿಯಮದ ರಾತ್ರಿ ಐದಕ್ಕೇ ಮುಗಿಯುತ್ತಿತ್ತು. ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ತಿದ್ದಿದ ನಿಯಮ ಹೊರಡಿಸಿತು. ಅದು 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತದಲ್ಲಿ ಜಾರಿಗೆ ಬಂತು. ಹೊಸದರಲ್ಲಿ ರಾತ್ರಿ 06:00ರವರೆಗೆ. ಹೊರಗಿನವರಿಗೆ ಒಂದು ಗಂಟೆ ಏನು ಮಹಾ ಅನ್ನಿಸಬಹುದು. ನಮ್ಮ ಪಾಲಿಗೆ ಬೆಳಗಿನ ಜಾವದ ಎಷ್ಟೋ ಲ್ಯಾಂಡಿಂಗ್‌ಗಳು ಆ ಒಂದು ಗಂಟೆಯೊಳಗೇ ಇವೆ.

ರಾತ್ರಿಯನ್ನು ತಾಗುವ ಡ್ಯೂಟಿಗೆ ಎಫ್‌ಡಿಪಿ 10 ಗಂಟೆ ಮೀರಬಾರದು, ಹಾರಾಟ 8 ಗಂಟೆ ಮೀರಬಾರದು. ಹಗಲಲ್ಲಾದರೆ ಎರಡು ಲ್ಯಾಂಡಿಂಗ್‌ನ ಎಫ್‌ಡಿಪಿ 13 ಗಂಟೆವರೆಗೆ ಹೋಗಬಹುದು. ರಾತ್ರಿ ಲ್ಯಾಂಡಿಂಗ್ ಮೊದಲು ಆರು ಸಲದವರೆಗೆ ನಡೆಯುತ್ತಿತ್ತು, ಈಗ ಎರಡೇ ಸಲ. ಇದರ ಹಿಂದಿನ ತರ್ಕ ನನಗೆ ಸರಿ ಕಾಣುತ್ತದೆ. ಮೇಲೆ ಹಾರುವಾಗ ಆಟೋಪೈಲಟ್ ಸುಸ್ತನ್ನು ಮುಚ್ಚಿಡುತ್ತದೆ. ಇಳಿಯುವಾಗ ಹತ್ತು ನಿಮಿಷದಲ್ಲಿ ಐವತ್ತು ಸಣ್ಣ ಕೆಲಸ ಸಾಲಾಗಿ ಬರುತ್ತವೆ, 130ಕ್ಕೆ 120 ಆಗುವುದು ಅಲ್ಲೇ.

ವಾರದ ರಜೆಯೂ 36ರಿಂದ 48 ಗಂಟೆಗೆ ಏರಿತು. ಆದರೆ ಗಂಟೆಗಿಂತ ಮುಖ್ಯವಾದದ್ದು ಅದರ ಜೊತೆಗಿರುವ ಷರತ್ತು. ಆ ಬಿಡುವಿನೊಳಗೆ ಎರಡು ಸ್ಥಳೀಯ ರಾತ್ರಿ ಪೂರ್ತಿ ಇರಬೇಕು. ಸ್ಥಳೀಯ ರಾತ್ರಿ ಅಂದರೆ 22:00ರಿಂದ 08:00ರ ನಡುವಿನ ಎಂಟು ಗಂಟೆ. ರಾತ್ರಿ ಪಾಳಿಯ ನಿದ್ದೆ ಸಾಲ ಹಗಲು ಮಲಗಿ ತೀರುವುದಿಲ್ಲ ಅನ್ನುವುದನ್ನು ನಿಯಮ ಒಪ್ಪಿಕೊಂಡಿರುವ ಜಾಗ ಇದು. ಅಪ್ಪನ ಗೋಣಿಚೀಲದ ಮಾತು ಇಲ್ಲಿ ಕಾನೂನಾಗಿದೆ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಆದರೂ ನನ್ನ ಆ ರೋಸ್ಟರನ್ನು ಇವತ್ತಿನ ಅಳತೆಗೆ ಹಿಡಿದರೂ ಪಾಸಾಗುತ್ತದೆ. ಎಫ್‌ಡಿಪಿ ಏಳೂಕಾಲು, ಲ್ಯಾಂಡಿಂಗ್ ಎರಡು, ರೆಸ್ಟ್ ಹದಿನಾರೂವರೆ, ಸತತ ರಾತ್ರಿ ಎರಡು. ರೋಸ್ಟರ್ ಮಾಡುವವರಿಗೆ ನನ್ನ ಒಳಕೋಣೆ ಕಾಣುವುದಿಲ್ಲ. ನಾನೇ 'ಫಟೀಗ್, ಹಾರಲಾರೆ' ಅಂತ ಸಂಜೆ ಆರಕ್ಕೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಯಾಕೆ ಅಂದರೆ ನಿಶ್ಚಿತಾರ್ಥಕ್ಕೆ ಹೋಗಿದ್ದೆ ಅಂತ ಹೇಳಲು ನಾಚಿಕೆ.

ಇಳಿದ ಮೇಲೆ ಕ್ಯಾಪ್ಟನ್ ಕಾಫಿ ಕೊಡಿಸಿ, 'ಫಟೀಗ್ ರಿಪೋರ್ಟ್ ಬರಿಯಪ್ಪಾ, ಇದು ಬೈಗುಳಕ್ಕಲ್ಲ' ಅಂದರು. ಫಾರಂನಲ್ಲಿ ಒಂದು ಕಾಲಂ ಇತ್ತು, ಕಳೆದ 48 ಗಂಟೆಯಲ್ಲಿ ಎಷ್ಟು ನಿದ್ದೆ ಅಂತ. ಸೋಮವಾರ ಬೆಳಗ್ಗೆ ಏಳೂವರೆಯಿಂದ ಲೆಕ್ಕ ಹಾಕಿದೆ. ಒಳಕೋಣೆಯದು ಎರಡೂಕಾಲು ಗಂಟೆ, ಕ್ಯಾಬ್‌ನಲ್ಲಿ ತೂಕಡಿಸಿದ್ದು ಅರ್ಧ. ಬೆರಳಲ್ಲಿ ಮತ್ತೊಮ್ಮೆ ಕೂಡಿಸಿ ನೋಡಿದೆ, ಪೂರ್ತಿ ಅಂಕಿ ಇರಲಿ ಅಂತ ಮೂರು ಎಂದು ಬರೆದೆ. ಆಮೇಲೆ ಅದನ್ನು ಹೊಡೆದು ಎರಡು ಮುಕ್ಕಾಲು ಅಂತ ತಿದ್ದಿದೆ.