46 ಸ್ಲೈಡು, ಒಂದು ಹಾಳೆ, ಮತ್ತೆ ಆ ಮೂರು ಸೆಂಟಿಮೀಟರ್

ನಾನು ಕೊಪ್ಪಳದ ಹತ್ರ ಒಂದು ಕಾಲೇಜಲ್ಲಿ ಹೈಡ್ರಾಲಿಕ್ಸ್ ಹೇಳ್ತೀನಿ. ಹೋದ ವರ್ಷ ಇಂಟರ್ನಲ್ಸ್‌ಗೆ ಮುಂಚೆ ಹುಡುಗರಿಗೆ ಫಾರ್ಮುಲಾ ಶೀಟ್ ಕೊಟ್ಟಿದ್ದೆ, ಪೈಪ್ ಫ್ಲೋ ಚಾಪ್ಟರ್‌ದು 46 ಸ್ಲೈಡ್ ಇದ್ವು, ಪ್ರತಿ ಡೆರಿವೇಷನ್ ಕೊನೆಗೆ ಬಾಕ್ಸ್ ಹಾಕಿದ ಉತ್ತರ ಇರುತ್ತಲ್ಲ, ಅವಷ್ಟನ್ನೇ ಎತ್ತಿ ಸಾಲಾಗಿ ಟೈಪ್ ಮಾಡಿ ಪ್ರಿಂಟ್ ಹಾಕಿಸಿಬಿಟ್ಟಿದ್ದೆ. ಅದಾಗಿ ಎರಡು ವಾರಕ್ಕೆ ಕುಷ್ಟಗಿ ಕಡೆ ಹುಡುಗ ಒಬ್ಬ ಆ ಶೀಟ್ ಹಿಡ್ಕೊಂಡು ಸ್ಟಾಫ್ ರೂಮಿಗೆ ಬಂದ.

"ಸರ್, ನಮ್ಮ ಹೊಲದಾಗ ಕೃಷಿ ಹೊಂಡದಿಂದ ನಾಕಿಂಚಿನ ಪೈಪ್ ನೂರು ಮೀಟರ್ ಎಳಿಬೇಕ್ರೀ. ಲೆಕ್ಕ ಮಾಡಿದ್ರ ಹೆಡ್ ಲಾಸ್ ಬರೇ ಮೂರು ಸೆಂಟಿಮೀಟರ್ ಬರ್ತೈತಿ. ಮತ್ತ ಅಂಗಡಿಯವ್ರು ದೊಡ್ಡ ಮೋಟ್ರ ಬೇಕು ಅಂತ ಯಾಕ ಅಂತಾರ್ರೀ?"

ಅವನ ಹಾಳೆ ನೋಡಿದೆ. ಗುಣಾಕಾರ ಎಲ್ಲಾ ಸರಿ ಇತ್ತು. ಹೆಡ್ ಲಾಸ್‌ಗೆ, ಅಂದ್ರೆ ಪೈಪಿನ ಘರ್ಷಣೆಗೆ ನೀರು ಎಷ್ಟು ಮೀಟರ್ ಎತ್ತರದಷ್ಟು ಒತ್ತಡ ಕಳ್ಕೊಳ್ಳುತ್ತೆ ಅನ್ನೋದಕ್ಕೆ, ನನ್ನ ಶೀಟಿನ ಆರನೇ ಫಾರ್ಮುಲಾ ತಗೊಂಡಿದ್ದ:

```
h_f = 32 μ V L / (ρ g d²)
```

ವೇಗ ಸೆಕೆಂಡಿಗೆ 1 ಮೀಟರ್, ವ್ಯಾಸ 0.1 ಮೀಟರ್, ಉದ್ದ 100 ಮೀಟರ್, ನೀರಿನ ಸ್ನಿಗ್ಧತೆ μ 0.001. ಹಾಕಿದ್ರೆ 0.033 ಮೀಟರ್ ಬರುತ್ತೆ, ಅವನು ಹೇಳಿದ್ದೇ. ಆದ್ರೆ ಇದೇ ಅಂಕಿಗಳಿಗೆ ರೆನಾಲ್ಡ್ಸ್ ನಂಬರ್ ತೆಗೆದ್ರೆ ρVd/μ ಅಂದ್ರೆ 1,00,000, ಈ ಫಾರ್ಮುಲಾ ಸರಿ ಹೋಗೋದು ಆ ನಂಬರ್ ಸುಮಾರು 2000ದ ಒಳಗೆ ಇದ್ರೆ ಮಾತ್ರ. ಅವನ ಪೈಪಲ್ಲಿ ನೀರು ಪದರ ಪದರವಾಗಿ, ಅಂದ್ರೆ ಲ್ಯಾಮಿನಾರ್ ಆಗಿ ಹೋಗಲ್ಲ, ಸುಳಿ ಸುಳಿಯಾಗಿ, ಅಂದ್ರೆ ಟರ್ಬ್ಯುಲೆಂಟ್ ಆಗಿ ಹೋಗುತ್ತೆ. ನುಣುಪು ಪೈಪ್ ಅಂತ ಇಟ್ಕೊಂಡು 0.316/Re^0.25 ಇಂದ ಘರ್ಷಣೆ ಗುಣಾಂಕ f ತೆಗೆದು ಡಾರ್ಸಿ ಫಾರ್ಮುಲಾ fLV²/2gd ಯಲ್ಲಿ ಹಾಕಿದ್ರೆ ನಷ್ಟ 0.91 ಮೀಟರ್. ಮೂರು ಸೆಂಟಿಮೀಟರ್ ಎಲ್ಲಿ, ತೊಂಬತ್ತೊಂದು ಸೆಂಟಿಮೀಟರ್ ಎಲ್ಲಿ. ಅವನ ತಪ್ಪಲ್ಲ ಅದು, ಶೀಟಲ್ಲಿ ಎಲ್ಲೂ ಲ್ಯಾಮಿನಾರ್ ಅನ್ನೋ ಪದವೇ ಇರಲಿಲ್ಲ, ಸ್ಲೈಡಲ್ಲಿ ಇತ್ತು, ಬಾಕ್ಸಿನ ಹೊರಗೆ ಇತ್ತು, ನಾನು ಬಾಕ್ಸ್ ಒಳಗಿಂದು ಮಾತ್ರ ತಗೊಂಡಿದ್ದೆ.

ಹಂಗಾಗಿ ಈ ವರ್ಷ ಇಂಟರ್ನಲ್ಸ್ ಮುಂಚಿನ ಭಾನುವಾರ ಬೆಳಿಗ್ಗೆಯಿಂದ ಕೂತೆ. ಏಪ್ರಿಲ್ ಬಿಸಿಲು, ಹನ್ನೊಂದಕ್ಕೇ ಕರೆಂಟ್ ಹೋಗಿತ್ತು, ಸ್ಲೈಡ್ ಎಲ್ಲಾ ಹಿಂದಿನ ದಿನವೇ ಪ್ರಿಂಟ್ ತೆಗೆದಿಟ್ಟಿದ್ದು ಒಳ್ಳೇದಾಯ್ತು. ಮೊದಲು ಅನ್ಕೊಂಡಿದ್ದು ಸುಲಭದ ದಾರಿ, ಡೆರಿವೇಷನ್ ಶುರುವಲ್ಲಿ "ಅಸಂಪ್ಷನ್ಸ್" ಅಂತ ಒಂದು ಸ್ಲೈಡ್ ಇರುತ್ತೆ, ಅದನ್ನ ಹಂಗೇ ಪ್ರತಿ ಫಾರ್ಮುಲಾ ಕೆಳಗೆ ಅಂಟಿಸೋದು. ಅರ್ಧ ಗಂಟೆ ಅದನ್ನೇ ಮಾಡಿದೆ, ಆಮೇಲೆ ಗೊತ್ತಾಯ್ತು ಅದೂ ತಪ್ಪು ಅಂತ, ಯಾಕಂದ್ರೆ ಆ ಪಟ್ಟಿಯ ಎಲ್ಲಾ ಷರತ್ತೂ ಎಲ್ಲಾ ಉತ್ತರಕ್ಕೂ ಬೇಕಾಗಿಲ್ಲ. ಆಗ ಪಟ್ಟಿ ಬಿಟ್ಟು, ಪೆನ್ಸಿಲ್ ಹಿಡ್ಕೊಂಡು ಒಂದೊಂದು ಈಕ್ವಲ್ ಟು ಚಿಹ್ನೆ ಹತ್ರ ನಿಂತು, ಈ ಸಾಲಿಂದ ಮುಂದಿನ ಸಾಲಿಗೆ ಹೋಗೋಕೆ ಏನನ್ನ ನಂಬಿದೀನಿ ಅಂತ ಪಕ್ಕದಲ್ಲಿ ಬರೀತಾ ಹೋದೆ.

ಆ 32μVL ಡೆರಿವೇಷನ್‌ನೇ ಹೇಳ್ತೀನಿ. ಪೈಪ್ ಒಳಗೆ r ತ್ರಿಜ್ಯದ ನೀರಿನ ಒಂದು ತುಂಡು ತಗೋತೀವಿ. ಎರಡೂ ತುದಿಯ ಒತ್ತಡದ ವ್ಯತ್ಯಾಸ ಅದನ್ನ ಮುಂದಕ್ಕೆ ತಳ್ಳುತ್ತೆ, ಸುತ್ತಲಿನ ಘರ್ಷಣೆ τ ಹಿಂದಕ್ಕೆ ಎಳೆಯುತ್ತೆ, ಎರಡೂ ಸಮ ಅಂತ ಬರೀತೀವಿ:

```
τ = (−dp/dx) · r/2
```

ಇಲ್ಲಿ ನಂಬಿದ್ದೇನು? ಕಾಲಕ್ಕೆ ತಕ್ಕ ಹಂಗೆ ಹರಿವು ಬದಲಾಗಲ್ಲ, ಮತ್ತೆ ಪೈಪ್ ಉದ್ದಕ್ಕೂ ವೇಗದ ಆಕಾರ ಒಂದೇ ಇರುತ್ತೆ, ಅಂದ್ರೆ ತುಂಡಿಗೆ ವೇಗೋತ್ಕರ್ಷ ಇಲ್ಲ. ಅಷ್ಟೇ. ಲ್ಯಾಮಿನಾರ್ ಅನ್ನೋದನ್ನ ಇನ್ನೂ ಮುಟ್ಟೇ ಇಲ್ಲ. τಗೆ ಸುಳಿಗಳ ಪಾಲೂ ಸೇರಿಸಿಕೊಂಡ್ರೆ ಈ ಸಾಲು ಟರ್ಬ್ಯುಲೆಂಟ್ ಹರಿವಿಗೂ ಸರಿಯಾಗೇ ನಿಲ್ಲುತ್ತೆ. ಇಷ್ಟು ವರ್ಷ ಪಾಠ ಮಾಡಿದ್ರೂ ಕ್ಲಾಸಲ್ಲಿ ಈ ಮಾತು ಬಾಯಿ ಬಿಟ್ಟು ಹೇಳಿರಲಿಲ್ಲ ನಾನು, ಅಸಂಪ್ಷನ್ ಪಟ್ಟಿ ಅಂಟಿಸಿದ್ರೆ ಇದಕ್ಕೂ "ಲ್ಯಾಮಿನಾರ್ ಮಾತ್ರ" ಅಂತ ಬಿದ್ದುಬಿಡ್ತಿತ್ತು.

ಲ್ಯಾಮಿನಾರ್ ಬರೋದು ಮುಂದಿನ ಸಾಲಲ್ಲಿ, τ ಜಾಗಕ್ಕೆ −μ du/dr ಹಾಕ್ತೀವಲ್ಲ ಅಲ್ಲಿ. ಅದೊಂದು ಚಿಹ್ನೆಗೆ ಎರಡು ಷರತ್ತು, ಹರಿವು ಲ್ಯಾಮಿನಾರ್, ದ್ರವ ನ್ಯೂಟೋನಿಯನ್, ಅಂದ್ರೆ ನೀರು ಎಣ್ಣೆ ಓಕೆ, ಕೆಸರಿನ ಸ್ಲರಿ ಓಕೆ ಅಲ್ಲ. ಆಮೇಲೆ ಇಂಟಿಗ್ರೇಟ್ ಮಾಡಿ ಗೋಡೆ ಹತ್ರ ವೇಗ ಸೊನ್ನೆ ಅಂತ ಹಾಕಿದ್ಮೇಲೆ ವೇಗ ಪ್ಯಾರಾಬೋಲಾ ಆಗುತ್ತೆ, ನಡುವಿನ ವೇಗ ಸರಾಸರಿಯ ಎರಡರಷ್ಟು, ಮತ್ತೆ ಅಲ್ಲಿಂದ ಆ ಆರನೇ ಫಾರ್ಮುಲಾ. ಸ್ಲೈಡಲ್ಲಿ "ಅಡ್ಡ ಪೈಪ್" ಅಂತಾನೂ ಇತ್ತು, ಅದನ್ನ ಹೆಡ್ ಲಾಸ್ ಷರತ್ತಿಂದ ತೆಗೆದೆ, p ಬದಲು p+ρgz ಇಟ್ರೆ ಓರೆ ಪೈಪಿಗೂ ಅದೇ ಉತ್ತರ ಬರುತ್ತೆ. ಬೇಡದ ಷರತ್ತು ಇದ್ರೆ ಹುಡುಗರು ಗುಡ್ಡದ ಪೈಪಿಗೆ ಫಾರ್ಮುಲಾನೇ ಇಲ್ಲ ಅನ್ಕೋತಾರೆ.

"ವೇಗದ ಆಕಾರ ಒಂದೇ" ಅನ್ನೋದಕ್ಕೆ ಅಂಕಿ ಕೊಡದಿದ್ರೆ ಯಾರಿಗೂ ಪ್ರಯೋಜನ ಇಲ್ಲ. ಲ್ಯಾಮಿನಾರ್‌ನಲ್ಲಿ ಪೈಪ್ ಬಾಯಿಂದ ಸುಮಾರು 0.06·Re·d ದೂರ ಹೋದ್ಮೇಲೆನೇ ಆಕಾರ ಕೂತ್ಕೊಳ್ಳೋದು. ನಮ್ಮ ಲ್ಯಾಬಲ್ಲಿ 10 ಮಿಲಿಮೀಟರ್ ಟ್ಯೂಬ್ ಇದೆ, Re 2000 ಇದ್ರೆ 1.2 ಮೀಟರ್ ಬೇಕು, ಆದ್ರೆ ಒತ್ತಡ ಅಳೆಯೋ ಮೊದಲ ಟ್ಯಾಪಿಂಗ್ ಬಾಯಿಂದ 30 ಸೆಂಟಿಮೀಟರ್‌ಗೇ ಇದೆ. ಪ್ರತಿ ಬ್ಯಾಚ್‌ಗೂ ಲಾಸ್ ಲೆಕ್ಕಕ್ಕಿಂತ ಜಾಸ್ತಿ ಬರ್ತಿತ್ತು, ಮ್ಯಾನೋಮೀಟರ್ ಓದಿದ್ದು ತಪ್ಪು ಅಂತ ಹುಡುಗರಿಗೆ ಮತ್ತೆ ಮತ್ತೆ ಓದಿಸಿದೀನಿ. ಅವರು ಓದಿದ್ದು ಸರಿ ಇತ್ತು. ಇದನ್ನ ಶೀಟಿಗೆ ಸೇರಿಸೋವಾಗ ಹೊಟ್ಟೆಗೆ ಸಂಕಟ ಆಯ್ತು.

ಕೊನೆಗೆ ಹಾಳೆಯಲ್ಲಿ ಪ್ರತಿ ಫಾರ್ಮುಲಾ ಕೆಳಗೆ ಎರಡು ಸಾಲು ಬಂದ್ವು. ಒಂದು ಅದು ಯಾವಾಗ ಸರಿ ಹೋಗುತ್ತೆ, ಇನ್ನೊಂದು ಸರಿ ಹೋಗ್ತಿಲ್ಲ ಅಂತ ಹೆಂಗೆ ಗೊತ್ತಾಗುತ್ತೆ. ಆರನೇದರ ಕೆಳಗೆ ಬರೆದದ್ದು ಇದು: ಹರಿವು ಡಬಲ್ ಮಾಡು, ಲಾಸ್ ಡಬಲ್ ಆದ್ರೆ ಈ ಫಾರ್ಮುಲಾ, ಮೂರು ಪಟ್ಟು ದಾಟಿದ್ರೆ ಈ ಫಾರ್ಮುಲಾ ಅಲ್ಲ. Re 2000ದಿಂದ 4000ದ ನಡುವೆ ಏನೂ ಫಾರ್ಮುಲಾ ಕೊಡಲಿಲ್ಲ, ಅಲ್ಲಿ ಹರಿವು ಆ ಕಡೆ ಈ ಕಡೆ ಹೊಯ್ದಾಡುತ್ತೆ, ಲೆಕ್ಕ ನಂಬಬೇಡಿ ಅಂತ ಬರೆದೆ. f ಪಕ್ಕದಲ್ಲಿ ದೊಡ್ಡದಾಗಿ "ಇದು 64/Re ಇರೋ f" ಅಂತ ಹಾಕಿದೆ, ನಮ್ಮ ಎಷ್ಟೋ ಟೆಕ್ಸ್ಟ್‌ಬುಕ್ಕಲ್ಲಿ 4fLV²/2gd ಅಂತ ಇರುತ್ತೆ, ಅಲ್ಲಿನ f 16/Re, ಅದನ್ನ ಇಲ್ಲಿ ಹಾಕಿದ್ರೆ ಲಾಸ್ ಕಾಲು ಭಾಗ ಆಗಿಬಿಡುತ್ತೆ. ಹಿಂಗೆಲ್ಲಾ ಬರೆದು ಒಂದು ಹಾಳೆ ಎರಡೂ ಮಗ್ಗಲು ತುಂಬೋ ಹೊತ್ತಿಗೆ ಸಂಜೆ ಆರಾಗಿತ್ತು.

ಸೋಮವಾರ ಹಂಚಿದೆ. ಹೊಲದ ಲೆಕ್ಕದ ಹುಡುಗ ಈಗ ಸೀನಿಯರ್, ಅವನಿಗೂ ಕರೆದು ಒಂದು ಕೊಟ್ಟೆ. ನಿಂತಲ್ಲೇ ಮೊದಲ ಸಾಲಿಂದ ಓದ್ಕೊಂಡು ಬಂದ, τ ಫಾರ್ಮುಲಾ ಮೇಲೆ ಬೆರಳಿಟ್ಟ.

"ಸರ್, ಇದರಾಗ ಪೈಪ್ ದುಂಡಗ ಇರಬೇಕು ಅಂತ ಬರದಿಲ್ಲಲ್ರೀ. ಚೌಕ ಡಕ್ಟ್ ಇದ್ರ r ಎಲ್ಲಿಂದ ತಗೋಬೇಕ್ರೀ?"

ಖರೇ. πr² ಅಂತ ಬರೆದ ಕ್ಷಣಕ್ಕೇ ಒಳಗೆ ಬಂದಿದ್ದ ಷರತ್ತು ಅದು, ಎಲ್ಲಕ್ಕಿಂತ ಮೊದಲನೇದು, ಪೆನ್ಸಿಲ್ ಗುರುತು ಅದರ ಪಕ್ಕ ಬಿದ್ದೇ ಇರಲಿಲ್ಲ. ಹಂಚಿದ 41 ಹಾಳೆನೂ ವಾಪಸ್ ಇಸ್ಕೊಂಡು ಅವನೂ ನಾನೂ ಕೂತು ಒಂದೊಂದರ ಮೇಲೂ "ದುಂಡನೆ ಪೈಪ್" ಅಂತ ಕೈಯಲ್ಲಿ ಬರೆದು ಮಧ್ಯಾಹ್ನದ ಒಳಗೆ ಮತ್ತೆ ಕೊಟ್ವಿ.