ಐದು ಕ್ಷಮೆಗಳಲ್ಲಿ ಉಳಿಯಬೇಕಾದದ್ದು ಯಾವುದು?

"ನಾನು ಬರೆದ ಸಂದೇಶದಲ್ಲಿ ಕ್ಷಮೆ ಕೇಳಿದ್ದು ಹೆಚ್ಚಾಯಿತೇ ಎಂದು ತಿಳಿಯುವುದು ಹೇಗೆ? ತೆಗೆದುಹಾಕಿದರೆ ಒರಟಾಗಿ ಕಾಣುವುದಿಲ್ಲವೇ?"

ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುವ ಗೆಳತಿಯೊಬ್ಬರು ಒಮ್ಮೆ 17ನೇ ತಾರೀಖಿನಂದು ಒಬ್ಬ ವ್ಯಾಪಾರಿಗೆ ಕಳಿಸಲು ಬರೆದ ಕರಡನ್ನು ನನಗೆ ತೋರಿಸಿದರು:

"ಸರ್, ನಮಸ್ಕಾರ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಜಿಎಸ್‌ಟಿ ಲೆಕ್ಕವನ್ನು 14ಕ್ಕೇ ಕೊಡಬೇಕಿತ್ತು, ತಡವಾಗಿದ್ದಕ್ಕೆ ತುಂಬಾ ಸಾರಿ. ಎರಡು ಖರೀದಿ ಬಿಲ್ಲುಗಳು ಬೇಕಾಗಿವೆ, ಕೇಳುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಲೆಕ್ಕವನ್ನು ಆದಷ್ಟು ಬೇಗ ಕಳಿಸುತ್ತೇನೆ. ದಯವಿಟ್ಟು ತಪ್ಪು ತಿಳಿಯಬೇಡಿ, ಮತ್ತೊಮ್ಮೆ ಕ್ಷಮೆ ಇರಲಿ."

ಇಂಥ ಕರಡಿನಲ್ಲಿ "ಕ್ಷಮಿಸಿ" ಎಂಬ ಪದವನ್ನಷ್ಟೇ ಹುಡುಕಿದರೆ ಸಾಲದು. ಬೇಜಾರು ಬೇಡ, ತಪ್ಪು ತಿಳಿಯಬೇಡಿ ಎನ್ನುವುದೂ ಕ್ಷಮೆಯ ಬೇರೆ ರೂಪಗಳೇ. ಎಲ್ಲಕ್ಕೂ ಅಡಿಗೆರೆ ಹಾಕಿದಾಗ ಐದು ಸಿಕ್ಕವು. ಪ್ರತಿಯೊಂದರ ಮುಂದೆ ನಿಂತು, ಇದು ನಾನು ಮಾಡಿದ ಯಾವ ತಪ್ಪಿಗೆ, ಅದರಿಂದ ಓದುವವರಿಗೆ ಏನು ನಷ್ಟವಾಯಿತು ಎಂದು ಕೇಳಿಕೊಳ್ಳಬೇಕು. ಇಲ್ಲಿ ತಡವಾದದ್ದು ನಿಜವಾದ ತಪ್ಪು, ಏಕೆಂದರೆ ಆ ವ್ಯಾಪಾರಿ 20ರೊಳಗೆ ತೆರಿಗೆ ಕಟ್ಟಬೇಕಿತ್ತು, ಹಣ ಹೊಂದಿಸಲು ಅವರಿಗೆ ಸಿಗುವ ದಿನಗಳು ಕಡಿಮೆಯಾದವು. ಬಿಲ್ಲು ಕೇಳುವುದು ಮಾತ್ರ ತಪ್ಪಲ್ಲ, ಅದನ್ನು ಒದಗಿಸಬೇಕಾದವರು ಅವರೇ. ಅವರು ಮೊದಲೇ ಕೊಟ್ಟ ಬಿಲ್ಲನ್ನು ಗೆಳತಿ ಕಳೆದುಹಾಕಿದ್ದರೆ ಆ ಕ್ಷಮೆಯೂ ಉಳಿಯಬೇಕಾಗುತ್ತಿತ್ತು. ಮೊದಲನೆಯ ಕ್ಷಮೆಗೂ ಕೊನೆಯ ಎರಡಕ್ಕೂ ಆಧಾರವಾದ ತಪ್ಪೇ ಇಲ್ಲ. ಅಲ್ಲದೆ, ಫೋನಿನಲ್ಲಿ ಸಂದೇಶ ತೆರೆಯುವ ಮೊದಲು ಕಾಣುವುದು ಆರಂಭದ ಕೆಲವೇ ಪದಗಳು; ಆ ಜಾಗವನ್ನು ಕ್ಷಮೆಯೇ ತುಂಬಿಕೊಂಡರೆ ವಿಷಯ ಏನೆಂಬುದೇ ತಿಳಿಯುವುದಿಲ್ಲ.

ತಿದ್ದಿದ ಮೇಲೆ ಅದು ಹೀಗಾಯಿತು:

"ಸರ್, ನಮಸ್ಕಾರ. 14ಕ್ಕೆ ಕೊಡಬೇಕಿದ್ದ ಜಿಎಸ್‌ಟಿ ಲೆಕ್ಕವನ್ನು ನಾನು ಇನ್ನೂ ಕೊಟ್ಟಿಲ್ಲ, ಇದರಿಂದ ಹಣ ಹೊಂದಿಸಲು ನಿಮಗೆ ಸಮಯ ಕಡಿಮೆಯಾಗಿದೆ, ಕ್ಷಮಿಸಿ. ಎರಡು ಖರೀದಿ ಬಿಲ್ಲುಗಳು ನಮಗೆ ತಲುಪಿಲ್ಲ, ದಯವಿಟ್ಟು ಇಂದು ಸಂಜೆಯೊಳಗೆ ಕಳಿಸಿ. ನಾಳೆ ಮಧ್ಯಾಹ್ನ 12ರೊಳಗೆ ಲೆಕ್ಕ ಕಳಿಸುತ್ತೇನೆ."

ಒಂದೇ ಕ್ಷಮೆ ಉಳಿದಿದೆ, ಅದೂ ತಪ್ಪನ್ನು ಹೆಸರಿಸಿದ ವಾಕ್ಯದಲ್ಲೇ ಇದೆ. "ಆದಷ್ಟು ಬೇಗ" ಎಂಬುದರ ಜಾಗಕ್ಕೆ ಗಂಟೆ ಬಂದಿದೆ. ಕಾಯುತ್ತಿರುವವರಿಗೆ ನಾಲ್ಕು ಕ್ಷಮೆಗಳಿಗಿಂತ ಅದೇ ಹೆಚ್ಚು ಬೇಕಾದದ್ದು ಎಂಬುದು ನನ್ನ ದೃಢ ಅಭಿಪ್ರಾಯ. ಒರಟುತನದ ಭಯವೂ ಬೇಡ. ಕನ್ನಡದಲ್ಲಿ ಗೌರವವನ್ನು "ಸರ್", "ನಮಸ್ಕಾರ" ಎಂಬ ಮಾತುಗಳೂ "ಕಳಿಸಿ" ಎಂಬ ಬಹುವಚನವೂ ಹೊತ್ತಿರುತ್ತವೆ. "ದಯವಿಟ್ಟು" ಎಂಬುದು ಕ್ಷಮೆಯಲ್ಲ, ಕೋರಿಕೆ; ಕತ್ತರಿಸುವ ಭರದಲ್ಲಿ ಅದನ್ನು ತೆಗೆಯಬಾರದು.

ಗೆಳತಿಯ ವಿಳಂಬದಿಂದ 20ನೇ ತಾರೀಖು ದಾಟಿ ಆ ವ್ಯಾಪಾರಿ ದಂಡ ಕಟ್ಟಬೇಕಾಗಿ ಬಂದಿದ್ದರೆ, ಸಂದೇಶವನ್ನು ತಿದ್ದುತ್ತ ಕೂರದೆ ಮೊದಲು ಫೋನ್ ಮಾಡಿ ಮಾತಾಡಿ ಎನ್ನುತ್ತಿದ್ದೆ.