ಎರಡು ಬಾಲ, ಒಂದು ತಲೆ: ಗೆರೆ ಯಾವುದು?

“ಅವನ ವಿಷಯ ಕೇಳೋಕೆ ಐ ಚಿಂಗ್ ನಾಣ್ಯ ಹಾರಿಸಿದೆ. ಎರಡು ಬಾಲ, ಒಂದು ತಲೆ ಬಿತ್ತು. ಬಾಲ ಜಾಸ್ತಿ ಇದೆಯಲ್ಲ, ಹಾಗಾದ್ರೆ ತುಂಡು ಗೆರೆನಾ?”

ಅಲ್ಲ, ಅದು ಇಡೀ ಗೆರೆ. ಎಲ್ಲರೂ ಎಡವುವುದು ಇಲ್ಲೇ. ಐ ಚಿಂಗ್ ಅಂದರೆ ಚೀನಾದ ಹಳೇ ಶಕುನದ ಪುಸ್ತಕ; ಮೂರು ನಾಣ್ಯ ಒಮ್ಮೆ ಹಾರಿಸಿದರೆ ಒಂದು ಗೆರೆ ಸಿಗುತ್ತದೆ. ಇಲ್ಲಿ ಬಹುಮತ ನಡೆಯುವುದಿಲ್ಲ, ಕೂಡಿಸಬೇಕು. ನಾನು ನಮ್ಮ ರೂಪಾಯಿ ನಾಣ್ಯಗಳನ್ನೇ ಬಳಸುತ್ತೇನೆ. ಸಿಂಹದ ಬದಿ ತಲೆ, ಅದಕ್ಕೆ 3. ಬೆಲೆ ಬರೆದ ಬದಿ ಬಾಲ, ಅದಕ್ಕೆ 2. ನಿಮ್ಮದು 2+2+3, ಅಂದರೆ 7. ಬೆಸ ಸಂಖ್ಯೆ ಬಂದರೆ ಯಾಂಗ್, ಇಡೀ ಗೆರೆ. ಸಮ ಬಂದರೆ ಯಿನ್, ನಡುವೆ ತುಂಡಾದ ಗೆರೆ. ಎರಡು ತಲೆ, ಒಂದು ಬಾಲ ಬಿದ್ದರೆ 8, ತುಂಡು ಗೆರೆ. ಅಂದರೆ ಗುಂಪಿಗೆ ಸೇರದ ಆ ಒಂಟಿ ನಾಣ್ಯವೇ ಗೆರೆಯನ್ನು ನಿರ್ಧರಿಸುತ್ತದೆ.

ಮೂರೂ ಒಂದೇ ಥರ ಬಿದ್ದರೆ ಕತೆ ಬೇರೆ. ಮೂರು ತಲೆ 9, ಮೂರು ಬಾಲ 6. ಇವು ಬದಲಾಗುವ ಗೆರೆಗಳು. ತುತ್ತತುದಿ ಮುಟ್ಟಿದ ಯಾಂಗ್ ಯಿನ್ ಆಗಿ ಮಗುಚಿಕೊಳ್ಳುತ್ತದೆ, ಯಿನ್ ಯಾಂಗ್ ಆಗುತ್ತದೆ. ಹಾರಿಸಿದಾಗ ಇವೆರಡೂ ತಲಾ ಎಂಟಕ್ಕೊಂದು ಸಲದ ಲೆಕ್ಕದಲ್ಲಿ ಮಾತ್ರ ಬೀಳುತ್ತವೆ.

ಹೀಗೆ ಆರು ಸಲ ಹಾರಿಸಿ, ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಗೋಡೆ ಕಟ್ಟಿದ ಹಾಗೆ. ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. ನಿಮ್ಮಂಥದ್ದೇ ಪ್ರಶ್ನೆಗೆ ಒಮ್ಮೆ ನನಗೆ 6, 8, 7, 7, 7, 8 ಬಂತು. ಕೆಳಗಿನಿಂದ ಕಟ್ಟಿದರೆ ಕೆಳಗಿನ ಮೂರು ಗೆರೆ ಬೆಟ್ಟ, ಮೇಲಿನ ಮೂರು ಸರೋವರ. ಆರು ಗೆರೆಯ ಇಂಥ ಚಿತ್ರಕ್ಕೆ ಹೆಕ್ಸಾಗ್ರಾಂ ಅನ್ನುತ್ತಾರೆ; ಇದು ಪುಸ್ತಕದ 31ನೆಯದು, ಷಿಯೆನ್. ಗಂಡು ಹೆಣ್ಣಿನ ಸೆಳೆತದ್ದು, ಪ್ರೇಮದ ಪ್ರಶ್ನೆಗೆ ಇದಕ್ಕಿಂತ ಹತ್ತಿರದ್ದು ಇನ್ನೇನು ಬೇಕು? ಇದರ ಗೆರೆಗಳು ಮೈಮೇಲೇ ಹತ್ತುತ್ತವೆ: ಮೊದಲನೆಯದು ಕಾಲಿನ ಹೆಬ್ಬೆರಳು, ಆಮೇಲೆ ಮೀನಖಂಡ, ತೊಡೆ, ಹೀಗೆ ಹೋಗಿ ಆರನೆಯದು ಕೆನ್ನೆ, ನಾಲಿಗೆ. ನನ್ನ 6 ಬಿದ್ದದ್ದು ಹೆಬ್ಬೆರಳಿಗೆ. ಸೆಳೆತ ಈಗಷ್ಟೇ ಕಾಲ್ಬೆರಳಲ್ಲಿ ಮಿಡಿದಿದೆ, ಹೆಜ್ಜೆ ಇನ್ನೂ ಇಟ್ಟಿಲ್ಲ. ಒಳ್ಳೆಯದಾಗುತ್ತದೆ ಅಂತಲೂ ಇಲ್ಲ, ಕೆಟ್ಟದಾಗುತ್ತದೆ ಅಂತಲೂ ಇಲ್ಲ. ಆ 6 ಇಡೀ ಗೆರೆಯಾಗಿ ಬದಲಾದಾಗ ಸಿಗುವುದು 49, ಕ್ರಾಂತಿ.

ಅವೇ ಅಂಕಿಗಳನ್ನು ನಾನು ಮೇಲಿನಿಂದ ಕೆಳಕ್ಕೆ ಬರೆದಿದ್ದರೆ? ಚಿತ್ರ ತಲೆಕೆಳಗಾಗಿ 32 ಆಗುತ್ತಿತ್ತು, ‘ಬಹುಕಾಲ ಉಳಿಯುವುದು’. ಆಗ ಆ 6 ತುತ್ತತುದಿಯ ಗೆರೆ. ಅಲ್ಲಿರುವ ಮಾತು: ಬಿಡದೆ ಚಡಪಡಿಸಿದರೆ ಕೇಡು. ಅದೇ ನಾಣ್ಯ, ಅದೇ ಅಂಕಿ. ಇನ್ನೂ ಮಾತೇ ಆಡಿರದವರಿಗೆ ಹಳೇ ಗಂಡ ಹೆಂಡತಿಗೆ ಹೇಳುವ ಬುದ್ಧಿವಾದ ಸಿಕ್ಕಿರುತ್ತಿತ್ತು!

ಇನ್ನೊಂದು. ಹಳೇ ಚೀನೀ ತೂತು ನಾಣ್ಯ ಬಳಸುವವರಲ್ಲಿ ಅಕ್ಷರವಿರುವ ಬದಿಯನ್ನು 2 ಎಂದು ಎಣಿಸುವ ಪದ್ಧತಿ ಇದೆ. ಯಾವ ಬದಿಗೆ ಎಷ್ಟು ಅಂತ ಹಾರಿಸುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಡಿ. ಬಿದ್ದ ಮೇಲೆ ಯೋಚಿಸಿದರೆ, ಪ್ರೀತಿಯಲ್ಲಿರುವವರು ಯಾವ ಕಡೆ ಎಣಿಸುತ್ತಾರೆ ಅಂತ ಗೊತ್ತೇ ಇದೆಯಲ್ಲ.